ಗಡಿ ದಾಟಿದ ಮೇಲಿನ ಪರೀಕ್ಷೆ

2021ರ ಅಕ್ಟೋಬರ್ 19ರಂದು ನಿಫ್ಟಿ ಸೂಚ್ಯಂಕ 18,604ಕ್ಕೆ ಏರಿತ್ತು. ಆ ಎತ್ತರವನ್ನು ದಾಟಿ ಗಟ್ಟಿಯಾಗಿ ಮೇಲೆ ನಿಲ್ಲಲು ಅದಕ್ಕೆ 2023ರ ಜೂನ್ ಕೊನೆಯವರೆಗೆ ಸಮಯ ಹಿಡಿಯಿತು. ಇಪ್ಪತ್ತು ತಿಂಗಳು ಪೇಟೆ ಎಲ್ಲಿಗೂ ಹೋಗಲಿಲ್ಲ. ಆದರೂ ಈ ಅವಧಿಯಲ್ಲಿ ಹಣ ಕಳೆದುಕೊಂಡವರು ಬಹಳ ಮಂದಿ. ಮೇಲೆ ಮಾರಿ ಕೆಳಗೆ ಕೊಳ್ಳುತ್ತೇನೆ ಎಂದು ಹೊರಟವರು ಒಮ್ಮೆ ಪೆಟ್ಟು ತಿಂದರು. ಗಡಿ ದಾಟಿದ ಮೇಲಷ್ಟೇ ಕೈಹಾಕುತ್ತೇನೆ ಎಂದು ಕಾದವರೂ ಇನ್ನೊಮ್ಮೆ ಪೆಟ್ಟು ತಿಂದರು. ರೇಂಜಿನಲ್ಲಿ ಸಿಕ್ಕಿಕೊಂಡ ಪೇಟೆಯನ್ನು ಓದಲು ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇತ್ತೀಚಿನ ವರ್ಷಗಳಲ್ಲಿ ಸಿಗುವುದಿಲ್ಲ. ಒಂದೇ ರೇಂಜಿನಲ್ಲಿ ಕೆಳಗಡಿ ಹುಸಿಯಾಗಿ ಮುರಿಯಿತು, ಮೇಲ್ಗಡಿ ಹುಸಿಯಾಗಿ ಮುರಿಯಿತು, ಕೊನೆಗೆ ನಿಜವಾಗಿಯೂ ಮುರಿಯಿತು.

ಮೊದಲು ಗಡಿಗಳನ್ನು ಗುರುತಿಸಿಕೊಳ್ಳೋಣ. ಅಕ್ಟೋಬರಿನ 18,604ರಿಂದ ಇಳಿದ ನಿಫ್ಟಿ ಡಿಸೆಂಬರ್ 20ರಂದು 16,410 ಮುಟ್ಟಿತು. ಅಲ್ಲಿಂದ ಎದ್ದು 2022ರ ಜನವರಿ 18ರಂದು 18,350ರ ತನಕ ಬಂದು ನಿಂತಿತು. ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ದಿನ ಒಂದೇ ಏಟಿಗೆ 815 ಅಂಶ ಕುಸಿದು, ಮಾರ್ಚ್ 8ರಂದು 15,671ರಲ್ಲಿ ತಳ ಕಂಡಿತು. ಇಷ್ಟಾದಾಗ ಮೇಲೆ ಎರಡು ತುದಿ, ಕೆಳಗೆ ಎರಡು ತುದಿ ಸಿಕ್ಕಂತಾಯಿತು. ಎರಡೂ ಕಡೆ ಕನಿಷ್ಠ ಎರಡು ಬಾರಿಯಾದರೂ ಪೇಟೆ ತಿರುಗದೆ ಅದನ್ನು ರೇಂಜ್ ಎಂದು ಕರೆಯುವುದು ಅವಸರವಾಗುತ್ತದೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೇಲ್ಗಡಿ ಒಂದು ಗೆರೆಯಲ್ಲ, 18,350ರಿಂದ 18,604ರವರೆಗಿನ ಒಂದು ಪಟ್ಟಿ. ಕೆಳಗಡಿಯೂ ಹಾಗೆಯೇ. ಚಾರ್ಟಿನ ಮೇಲೆ ಒಂದೇ ಸಪೂರ ಗೆರೆ ಎಳೆದುಕೊಂಡವರು ಪೇಟೆ ಅದನ್ನು ಹತ್ತಿಪ್ಪತ್ತು ಅಂಶ ದಾಟಿದ ಕೂಡಲೇ ಗಾಬರಿಗೊಳ್ಳುತ್ತಾರೆ. ಲೆಕ್ಕಕ್ಕೆ ಬೇಕೆಂದು 18,604 ಮತ್ತು 15,671ನ್ನು ಹೊರ ಅಂಚುಗಳೆಂದು ಇಟ್ಟುಕೊಂಡರೆ, ನಟ್ಟನಡುವಿನ ಮಟ್ಟ ಸುಮಾರು 17,138. ಈ ನಡುಮಟ್ಟವನ್ನು ನೆನಪಿಡಿ. ಅಂಚಿನಲ್ಲಿ ವಹಿವಾಟು ಮಾಡುವವರ ಮೊದಲ ಗುರಿ ಅದು. ಹೊಸ ವಹಿವಾಟು ಶುರುಮಾಡಲು ಅತ್ಯಂತ ಕೆಟ್ಟ ಜಾಗವೂ ಅದೇ, ಏಕೆಂದರೆ ಅಲ್ಲಿಂದ ಲಾಭದ ದೂರವೂ ನಷ್ಟದ ದೂರವೂ ಸಮ.

ಅಂಚಿನಿಂದ ಹಿಂದಕ್ಕೆ ಪಣ ಕಟ್ಟುವ ವಿಧಾನ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2022ರ ಏಪ್ರಿಲ್ ಒಳ್ಳೆಯ ಉದಾಹರಣೆ. ಏಪ್ರಿಲ್ 4ರಂದು ಎಚ್‌ಡಿಎಫ್‌ಸಿ ಮತ್ತು ಎಚ್‌ಡಿಎಫ್‌ಸಿ ಬ್ಯಾಂಕಿನ ವಿಲೀನದ ಸುದ್ದಿ ಬಂತು. ನಿಫ್ಟಿ ಆ ದಿನ 18,114ರ ತನಕ ಏರಿ 18,053ರಲ್ಲಿ ಮುಗಿಯಿತು. ದೇಶದ ಅತಿ ದೊಡ್ಡ ಖಾಸಗಿ ಬ್ಯಾಂಕಿಗೆ ಸಂಬಂಧಿಸಿದ ಇಷ್ಟು ದೊಡ್ಡ ಸುದ್ದಿಯೂ ಸೂಚ್ಯಂಕವನ್ನು ಜನವರಿಯ 18,350ರವರೆಗೆ ಒಯ್ಯಲಿಲ್ಲ. ಮರುದಿನ ಅದು 17,957ಕ್ಕೆ ಇಳಿದು ಮುಗಿಯಿತು. ಒಳ್ಳೆಯ ಸುದ್ದಿ ಬಂದೂ ಮುಂದೆ ಹೋಗದ ಬೆಲೆಯನ್ನು ಕಂಡಾಗ ಅಂಚಿನ ವಹಿವಾಟುದಾರ ಮಾರಾಟಕ್ಕೆ ಇಳಿಯುತ್ತಾನೆ. 17,957ರಲ್ಲಿ ಮಾರಿ, ಜನವರಿ ತುದಿಯ ಆಚೆ 18,400ರಲ್ಲಿ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 443 ಅಂಶ. ನಡುಮಟ್ಟಕ್ಕೆ 819 ಅಂಶ ದೂರ. ಏಪ್ರಿಲ್ 19ರಂದು ನಿಫ್ಟಿ 16,958ರಲ್ಲಿ ಮುಗಿದಾಗ ಗುರಿ ತಲುಪಿಯಾಗಿತ್ತು. ತೊಡಗಿಸಿದ ಅಪಾಯದ ದುಪ್ಪಟ್ಟಿಗೆ ಸ್ವಲ್ಪ ಕಡಿಮೆ ಲಾಭ ಎರಡು ವಾರದಲ್ಲಿ ಬಂತು.

ಕೆಳಗಡಿಯಲ್ಲಿ ಇದೇ ವಿಧಾನ ಬೇರೆ ಕಥೆ ಹೇಳಿತು. ಮೇ 4ರಂದು ರಿಸರ್ವ್ ಬ್ಯಾಂಕ್ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ರೆಪೊ ದರವನ್ನು 4.00ರಿಂದ 4.40ಕ್ಕೆ ಏರಿಸಿತು. ಮೇ 13ರಂದು ನಿಫ್ಟಿ 15,782ರಲ್ಲಿ ಮುಗಿಯಿತು, ಮಾರ್ಚಿನ ತಳಕ್ಕೆ ಬಹಳ ಹತ್ತಿರ. ಅಲ್ಲಿ ಕೊಂಡು, 15,600ರಲ್ಲಿ ಸ್ಟಾಪ್‌ಲಾಸ್ ಇಟ್ಟು, ನಡುಮಟ್ಟವನ್ನೇ ಗುರಿಯಾಗಿಟ್ಟುಕೊಂಡವರ ಲೆಕ್ಕ ಮೊದಮೊದಲು ಸರಿಯಾಗಿಯೇ ಕಂಡಿತು. ಜೂನ್ 3ರಂದು ಸೂಚ್ಯಂಕ 16,793 ಮುಟ್ಟಿತು. ಆದರೆ 17,138ಕ್ಕೆ ಬರಲೇ ಇಲ್ಲ. ಜೂನ್ 16ರಂದು 15,360ರಲ್ಲಿ ಮುಗಿದು ಅವರ ಸ್ಟಾಪ್‌ಲಾಸನ್ನು ಹೊಡೆದುಹಾಕಿತು. ರೇಂಜಿನ ಒಳಗಿನ ಏರಿಕೆ ನಡುಮಟ್ಟವನ್ನೂ ತಲುಪದೆ ತಿರುಗಿದರೆ ಆ ಬದಿಯ ಅಂಚು ದುರ್ಬಲವಾಗಿದೆ ಎಂದೇ ತಿಳಿಯಬೇಕು. ಈ ಸೂಚನೆ ಜೂನ್ ಎರಡನೇ ವಾರದಲ್ಲಿಯೇ ಕಣ್ಣೆದುರಿಗಿತ್ತು.

ಈಗ ಜೂನ್ 16ರಲ್ಲಿ ನಿಂತು ನೋಡೋಣ. ಅಮೆರಿಕದ ಫೆಡರಲ್ ರಿಸರ್ವ್ ಹಿಂದಿನ ದಿನವಷ್ಟೇ ಬಡ್ಡಿದರವನ್ನು ಮುಕ್ಕಾಲು ಶೇಕಡಾ ಏರಿಸಿತ್ತು. ಮಾರ್ಚಿನ ತಳ ಮುರಿದಿತ್ತು. ಮೇಲಿನ ತುದಿಗಳು 18,604, 18,350, 18,114 ಎಂದು ಒಂದರಿಂದೊಂದು ಕೆಳಗಿಳಿದಿದ್ದವು. ಪಠ್ಯಪುಸ್ತಕ ಬಲ್ಲವರು ಯಾರೇ ಆಗಲಿ ಇದನ್ನು ಡಿಸ್ಟ್ರಿಬ್ಯೂಷನ್ ಎನ್ನುತ್ತಿದ್ದರು. ಎಂದರೆ, ದೊಡ್ಡ ಕೈಗಳು ಮೇಲಿನ ಬೆಲೆಯಲ್ಲಿ ತಮ್ಮ ಷೇರುಗಳನ್ನು ಸಣ್ಣವರಿಗೆ ದಾಟಿಸಿ ಹೊರನಡೆದ ಹಂತ. ಅದಕ್ಕೆ ಪುರಾವೆಯೂ ಇತ್ತು. ವಿದೇಶಿ ಸಾಂಸ್ಥಿಕ ಹೂಡಿಕೆದಾರರು 2021ರ ಅಕ್ಟೋಬರಿನಿಂದ ಒಂದು ತಿಂಗಳೂ ಬಿಡದೆ ಷೇರು ಮಾರುತ್ತ ಬಂದಿದ್ದರು. ಒಂಬತ್ತು ತಿಂಗಳಲ್ಲಿ ಅವರು ಹಿಂತೆಗೆದುಕೊಂಡ ಹಣ ಸುಮಾರು 2.5 ಲಕ್ಷ ಕೋಟಿ ರೂಪಾಯಿ.

ಕನ್ಸಾಲಿಡೇಷನ್ ಎಂದರೆ ಇದಕ್ಕೆ ವಿರುದ್ಧ. ಏರಿದ ಪೇಟೆ ದಣಿವಾರಿಸಿಕೊಳ್ಳುತ್ತದೆ, ಮಾರುವವರ ಷೇರುಗಳನ್ನು ತಾಳ್ಮೆಯ ಕೈಗಳು ಹೀರಿಕೊಳ್ಳುತ್ತವೆ, ಕೊನೆಗೆ ಮಾರಲು ಯಾರೂ ಉಳಿಯದಾಗ ಬೆಲೆ ಮತ್ತೆ ಮೇಲಕ್ಕೆ ಹೊರಡುತ್ತದೆ. ತೊಂದರೆ ಏನೆಂದರೆ ಎರಡೂ ಚಾರ್ಟಿನ ಮೇಲೆ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಕೆಲವರು ಮಾರುತ್ತಾರೆ, ಕೆಲವರು ಕೊಳ್ಳುತ್ತಾರೆ, ಬೆಲೆ ಮೇಲೆ ಕೆಳಗೆ ಓಲಾಡುತ್ತದೆ. ಆಕಾರ ನೋಡಿ ತೀರ್ಪು ಕೊಡಲು ಸಾಧ್ಯವಿಲ್ಲ. ನೋಡಬೇಕಾದ್ದು, ಎಷ್ಟು ಮಾರಾಟಕ್ಕೆ ಬೆಲೆ ಎಷ್ಟು ಇಳಿಯಿತು ಎಂಬುದನ್ನು. ಕಳೆದ ಶತಮಾನದ ಆರಂಭದ ಅಮೆರಿಕದ ವಹಿವಾಟುದಾರ ರಿಚರ್ಡ್ ವೈಕಾಫ್ ಇದನ್ನು ಶ್ರಮ ಮತ್ತು ಫಲದ ಹೋಲಿಕೆ ಎಂದು ಕಲಿಸಿದ.

2022ಕ್ಕೆ ಇದನ್ನು ಅನ್ವಯಿಸಿ ನೋಡಿ. ಮಾರ್ಚಿನಲ್ಲಿ ವಿದೇಶಿಯರು ಸುಮಾರು 41,000 ಕೋಟಿ ರೂಪಾಯಿ ಮೌಲ್ಯದ ಷೇರು ಮಾರಿದರು, ತಳ 15,671. ಜೂನಿನಲ್ಲಿ ಅವರು ಸುಮಾರು 50,000 ಕೋಟಿಯಷ್ಟು ಮಾರಿದರು. ಇಡೀ ಒಂಬತ್ತು ತಿಂಗಳಲ್ಲಿ ಅದೇ ಅತಿ ಹೆಚ್ಚು. ಆದರೆ ತಳ ಬಂದದ್ದು ಜೂನ್ 17ರಂದು 15,183ರಲ್ಲಿ. ಅಂದರೆ ಮಾರ್ಚಿಗಿಂತ ಕೇವಲ ಶೇ 3ರಷ್ಟು ಕೆಳಗೆ. ಮಾರಾಟದ ಒತ್ತಡ ಹೆಚ್ಚಿದ್ದರೂ ಬೆಲೆ ಅದಕ್ಕೆ ತಕ್ಕಂತೆ ಕುಸಿಯಲಿಲ್ಲ. ಆ ಷೇರುಗಳನ್ನು ಯಾರೋ ಕೊಳ್ಳುತ್ತಿದ್ದರು. ಯಾರು ಎಂಬುದೂ ಗುಟ್ಟಾಗಿರಲಿಲ್ಲ. ಮ್ಯೂಚುವಲ್ ಫಂಡುಗಳಿಗೆ ಎಸ್‌ಐಪಿ ಮೂಲಕ ಬರುವ ಹಣ 2021ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ತಿಂಗಳಿಗೆ 10,000 ಕೋಟಿ ದಾಟಿತ್ತು, ಪೇಟೆ ಬಿದ್ದಾಗಲೂ ಅದು ಕುಗ್ಗಲಿಲ್ಲ. ಸಂಬಳ ಬಂದ ವಾರದಲ್ಲಿ ತಾನಾಗಿಯೇ ಖಾತೆಯಿಂದ ಕಡಿತವಾಗುವ ಆ ಹಣಕ್ಕೆ ಭಯವಿರಲಿಲ್ಲ. ಷೇರುಗಳು ದೊಡ್ಡವರಿಂದ ಸಣ್ಣವರಿಗೆ ದಾಟಿದ್ದು ನಿಜ. ಆದರೆ ಈ ಸಾರಿ ಸಣ್ಣವರ ಹಣವೇ ತಾಳ್ಮೆಯ ಹಣವಾಗಿತ್ತು. ಹಳೆಯ ಪಾಠದಲ್ಲಿ ವಿದೇಶಿ ಮಾರಾಟವೆಂದರೆ ಡಿಸ್ಟ್ರಿಬ್ಯೂಷನ್ ಎಂದು ಬರೆದಿದ್ದವರ ಲೆಕ್ಕ ತಪ್ಪಿದ್ದು ಇಲ್ಲಿ. ಎಷ್ಟು ಮಾರಿದರು ಎಂಬುದರ ಜೊತೆಗೆ ಕೊಂಡವರ ಗುಣ ಎಂಥದ್ದು ಎಂಬುದನ್ನೂ ಅವರು ಕೇಳಬೇಕಾಗಿತ್ತು.

ಆದರೂ ಈ ಪುರಾವೆ ಮಾತ್ರದಿಂದ ಜೂನ್ 17ರಂದು ಕೊಳ್ಳುವುದು ಸಾಹಸವೇ. ಖಚಿತ ಸೂಚನೆ ಬಂದದ್ದು ಒಂದು ವಾರದ ನಂತರ. ಜೂನ್ 16ರಿಂದ 23ರವರೆಗೆ ಆರು ವಹಿವಾಟು ದಿನಗಳು ನಿಫ್ಟಿ 15,671ರ ಕೆಳಗೆ ಮುಗಿಯಿತು. ಜೂನ್ 24ರಂದು 15,699ರಲ್ಲಿ ಮುಗಿದು ರೇಂಜಿನ ಒಳಗೆ ಮರಳಿತು. ವೈಕಾಫ್ ಪರಂಪರೆಯವರು ಇದನ್ನು ಸ್ಪ್ರಿಂಗ್ ಎನ್ನುತ್ತಾರೆ. ಇದಕ್ಕೆ ಕಾರಣ ಸರಳ. ತಳದ ಕೆಳಗೆ ಎಲ್ಲರೂ ಸ್ಟಾಪ್‌ಲಾಸ್ ಇಟ್ಟಿರುತ್ತಾರೆ. ತಳ ಮುರಿದ ಕೂಡಲೇ ಅವೆಲ್ಲ ಮಾರಾಟದ ಆದೇಶಗಳಾಗಿ ಸುರಿಯುತ್ತವೆ, ಜೊತೆಗೆ ಹೊಸದಾಗಿ ಮಾರುವವರೂ ಸೇರಿಕೊಳ್ಳುತ್ತಾರೆ. ದೊಡ್ಡ ಮೊತ್ತ ಕೊಳ್ಳಬೇಕಾದವರಿಗೆ ಅಷ್ಟು ಷೇರು ಒಟ್ಟಿಗೆ ಸಿಗುವ ಜಾಗ ಬೇರೆಲ್ಲೂ ಇಲ್ಲ. ಆ ಸುರಿಮಳೆಯನ್ನೂ ಹೀರಿಕೊಂಡು ಬೆಲೆ ಮತ್ತೆ ಒಳಗೆ ಬಂದರೆ, ಮಾರುವವರು ಖಾಲಿಯಾಗಿದ್ದಾರೆ ಎಂದರ್ಥ.

ಮರಳಿ ಬಂದದ್ದೂ ಸಾಲದು, ಎರಡನೆಯ ಪರೀಕ್ಷೆಯೂ ಆಗಬೇಕು. ಜುಲೈ 1ರಂದು ಸೂಚ್ಯಂಕ ದಿನದ ನಡುವೆ 15,511ಕ್ಕೆ ಜಾರಿತು, ಆದರೆ 15,752ರಲ್ಲಿ ಮುಗಿಯಿತು. ಹಿಂದಿನ ತಳ 15,183, ಹೊಸ ತಳ ಅದಕ್ಕಿಂತ ಮೇಲೆ, ದಿನದ ಮುಕ್ತಾಯ ರೇಂಜಿನ ಒಳಗೆ. ಜೂನ್ 24ರಂದು 15,699ರಲ್ಲಿ ಕೊಂಡು 15,180ರಲ್ಲಿ ಸ್ಟಾಪ್‌ಲಾಸ್ ಇಟ್ಟವರಿಗೆ ಅಪಾಯ 519 ಅಂಶ, ನಡುಮಟ್ಟಕ್ಕೆ ಇದ್ದ ದೂರ 1,439 ಅಂಶ. ಜುಲೈ 29ರಂದು ನಿಫ್ಟಿ 17,158ರಲ್ಲಿ ಮುಗಿದಾಗ ಗುರಿ ಕೈಸೇರಿತು. ಮೇ ತಿಂಗಳಲ್ಲಿ ಅಂಚನ್ನು ಮುಟ್ಟುವ ಮೊದಲೇ ಕೊಂಡವರಿಗೆ ನಷ್ಟವಾದ ಅದೇ ಜಾಗದಲ್ಲಿ, ಮುರಿದು ಮರಳಿದ ಮೇಲೆ ಕೊಂಡವರಿಗೆ ಅಪಾಯದ ಎರಡೂವರೆ ಪಟ್ಟಿಗಿಂತ ಹೆಚ್ಚು ಲಾಭ ಸಿಕ್ಕಿತು.

ಈ ಎರಡನೆಯ ಪರೀಕ್ಷೆ ಏಕೆ ಮುಖ್ಯ ಎಂಬುದಕ್ಕೆ 2015ನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷ ಮಾರ್ಚ್ 4ರಂದು ನಿಫ್ಟಿ 9,119 ಮುಟ್ಟಿತ್ತು. ಬಳಿಕ ಏಪ್ರಿಲಿನಲ್ಲಿ ಸುಮಾರು 8,845, ಜುಲೈನಲ್ಲಿ 8,655 ಎಂದು ತುದಿಗಳು ಇಳಿದವು, ಜೂನಿನ ತಳ ಸುಮಾರು 7,940. ಚೀನಾದ ಆತಂಕದಲ್ಲಿ ಜಗತ್ತಿನ ಪೇಟೆಗಳೆಲ್ಲ ಕುಸಿದ ಆಗಸ್ಟ್ 24ರಂದು ನಿಫ್ಟಿ 490 ಅಂಶ ಕಳೆದುಕೊಂಡು 7,809ರಲ್ಲಿ ಮುಗಿಯಿತು. ಇಲ್ಲೂ ಅದು ಕೆಲವೇ ದಿನಗಳಲ್ಲಿ ಒಳಗೆ ಮರಳಿತು, ಆಗಸ್ಟ್ 28ರಂದು 8,002ರಲ್ಲಿ ಮುಗಿಯಿತು. ಆ ಮರಳಿಕೆಯನ್ನು ನಂಬಿ ಕೊಂಡವರಿಗೆ ಎರಡನೆಯ ಪರೀಕ್ಷೆ ಸತ್ಯ ಹೇಳಿತು. ಸೆಪ್ಟೆಂಬರ್ 8ರಂದು ಪೇಟೆ ಆಗಸ್ಟಿನ ತಳವನ್ನೂ ಮುರಿದು 7,540 ಮುಟ್ಟಿತು. ಅಕ್ಟೋಬರಿನ ಏರಿಕೆ 8,336ರಲ್ಲಿ ನಿಂತಿತು, ಹಿಂದಿನ ಎಲ್ಲ ತುದಿಗಳಿಗಿಂತ ಕೆಳಗೆ. 2016ರ ಫೆಬ್ರುವರಿ 29ರಂದು ನಿಫ್ಟಿ 6,826ಕ್ಕೆ ಬಂದಿತ್ತು. ಇಳಿಯುವ ತುದಿಗಳು, ಮುರಿದ ತಳ, ಕೆಲ ದಿನಗಳ ಮರಳಿಕೆ, ಈ ಮೂರೂ ಎರಡೂ ವರ್ಷಗಳಲ್ಲಿ ಇದ್ದವು. ಮರಳಿದ ನಂತರದ ಮೊದಲ ಇಳಿತ ಎಲ್ಲಿ ನಿಂತಿತು ಎಂಬುದರಲ್ಲಿ ಮಾತ್ರ ಅವು ಬೇರೆಯಾದವು.

ಇನ್ನು ಬ್ರೇಕ್‌ಔಟಿಗೆ ಕಾಯುವವರ ಕಡೆಗೆ ಬರೋಣ. 2022ರ ನವೆಂಬರ್ 29ರಂದು ನಿಫ್ಟಿ ಮೊದಲ ಬಾರಿಗೆ 18,604ರ ಮೇಲೆ, 18,618ರಲ್ಲಿ ಮುಗಿಯಿತು. ಡಿಸೆಂಬರ್ 1ರಂದು 18,887 ಮುಟ್ಟಿತು. ಪತ್ರಿಕೆಗಳ ಮುಖಪುಟದಲ್ಲಿ ದಾಖಲೆಯ ಸುದ್ದಿ ಬಂತು. ಆದರೆ ಡಿಸೆಂಬರ್ 16ರಂದು ಅದು 18,269ಕ್ಕೆ ಮರಳಿತ್ತು, ಜನವರಿಯ ತುದಿಗಿಂತಲೂ ಕೆಳಗೆ. ಮುಂದೆ ಮಾರ್ಚ್ 20ರಂದು 16,828ರ ತನಕ ಇಳಿಯಿತು. ಹದಿಮೂರು ತಿಂಗಳು ಕಾದು ನಿಂತು, ದಾಖಲೆಯ ದಿನ ಕೊಂಡವರಿಗೆ ಆದ ಗತಿ ಇದು. ಗಡಿಯನ್ನು ದಾಟಿದ ಬೆಲೆ ಎರಡೇ ದಿನದಲ್ಲಿ ಮುಂದೆ ಹೋಗುವುದನ್ನು ನಿಲ್ಲಿಸಿ, ಮುಂದಿನ ಎರಡು ವಾರ ಅದೇ ಗೆರೆಯ ಆಚೀಚೆ ಸುತ್ತಿತು. ನಿಜವಾದ ಬ್ರೇಕ್‌ಔಟಿನಲ್ಲಿ ಅಷ್ಟು ಹಿಂಜರಿಕೆ ಇರುವುದಿಲ್ಲ.

2023ರ ಜೂನ್ 28ರಂದು ನಿಫ್ಟಿ ಡಿಸೆಂಬರಿನ 18,887ರ ತುದಿಯನ್ನೂ ದಾಟಿ 18,972ರಲ್ಲಿ ಮುಗಿಯಿತು. ಎರಡು ದಿನಗಳಲ್ಲಿ 19,189, ಜುಲೈ 20ಕ್ಕೆ 19,991. ಈ ಸಾರಿ ಗೆರೆಯ ಬಳಿ ಸುತ್ತಾಟವಿರಲಿಲ್ಲ. ಪರೀಕ್ಷೆ ಬಂದದ್ದು ನಾಲ್ಕು ತಿಂಗಳ ನಂತರ, ಅಕ್ಟೋಬರ್ 26ರಂದು. ಅಂದು ನಿಫ್ಟಿ 18,837ಕ್ಕೆ ಇಳಿದು 18,857ರಲ್ಲಿ ಮುಗಿಯಿತು. ಹಿಂದಿನ ವರ್ಷದ ತುದಿ 18,887. ಹಳೆಯ ಚಾವಣಿಗಿಂತ ಐವತ್ತು ಅಂಶದಷ್ಟೇ ಕೆಳಗೆ ಹೋಗಿ, ಮರುದಿನವೇ 19,047ಕ್ಕೆ ಎದ್ದಿತು. ಚಾವಣಿಯಾಗಿದ್ದ ಮಟ್ಟ ನೆಲವಾಯಿತು. ವರ್ಷದ ಕೊನೆಗೆ ಸೂಚ್ಯಂಕ 21,731ರಲ್ಲಿತ್ತು.

ಎರಡು ವಿಧಾನಗಳ ನಡುವಿನ ನಿಜವಾದ ವ್ಯತ್ಯಾಸ ಈ ಅಂಕಿಗಳಲ್ಲಿ ಸಿಗುತ್ತದೆ. ನವೆಂಬರಿನ ಬ್ರೇಕ್‌ಔಟಿನಲ್ಲಿ 18,618ಕ್ಕೆ ಕೊಂಡು 18,350ರ ಕೆಳಗೆ ಮುಗಿದ ದಿನ ಹೊರಬಂದವರು ಸುಮಾರು 350 ಅಂಶ ಕಳೆದುಕೊಂಡರು. ಜೂನಿನಲ್ಲಿ 18,972ಕ್ಕೆ ಕೊಂಡು 18,600ರಲ್ಲಿ ಸ್ಟಾಪ್‌ಲಾಸ್ ಇಟ್ಟವರು ಅಕ್ಟೋಬರಿನ ಪರೀಕ್ಷೆಯಲ್ಲೂ ಉಳಿದುಕೊಂಡರು, ವರ್ಷಾಂತ್ಯಕ್ಕೆ ಅವರ ಲಾಭ 2,759 ಅಂಶ. ಒಂದು ಗೆಲುವು ಏಳೆಂಟು ಸೋಲುಗಳನ್ನು ತೀರಿಸುತ್ತದೆ. ಅಂಚಿನ ವಹಿವಾಟು ಇದಕ್ಕೆ ತದ್ವಿರುದ್ಧ. ಅಲ್ಲಿ ಗೆಲುವು ಪದೇಪದೇ ಬರುತ್ತದೆ, ಆದರೆ ಗೆಲುವಿನ ಅಳತೆಗೆ ಮಿತಿ ಇದೆ, ರೇಂಜಿನ ಅಗಲವೇ ಅದರ ಮಿತಿ. ರೇಂಜ್ ಕೊನೆಗೊಳ್ಳುವ ದಿನ ಸ್ಟಾಪ್‌ಲಾಸ್ ಇಲ್ಲದೆ ನಿಂತವರ ಎಲ್ಲ ಗೆಲುವುಗಳೂ ಒಂದೇ ಸೋಲಿನಲ್ಲಿ ಹೋಗುತ್ತವೆ. 2023ರ ಜೂನ್ ಕೊನೆಯಲ್ಲಿ 19,000ದ ಹತ್ತಿರ ಮಾರಿ, ಮತ್ತೆ ಇಳಿಯುತ್ತದೆ ಎಂದು ಕಾದವರು ನೆಚ್ಚಿದ್ದು ಹಿಂದಿನ ಮೂರು ಗೆಲುವುಗಳನ್ನು.

ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ ಅಳತೆ ತಪ್ಪಿದರೆ ಉಪಯೋಗವಿಲ್ಲ. 2022ರಲ್ಲಿ ನಿಫ್ಟಿ ಫ್ಯೂಚರ್ಸ್‌ನ ಒಂದು ಲಾಟ್ 50 ಆಗಿತ್ತು. ಜೂನ್ 24ರ ವಹಿವಾಟಿನ 519 ಅಂಶದ ಅಪಾಯವೆಂದರೆ ಒಂದು ಲಾಟಿಗೆ ಸುಮಾರು 26,000 ರೂಪಾಯಿ. ಪ್ರತಿ ವಹಿವಾಟಿಗೆ ಬಂಡವಾಳದ ಶೇ 1ಕ್ಕಿಂತ ಹೆಚ್ಚು ಪಣಕ್ಕಿಡಬಾರದು ಎಂದುಕೊಂಡವರ ಬಳಿ ಕನಿಷ್ಠ 26 ಲಕ್ಷ ಇರಬೇಕು. ಹತ್ತು ಲಕ್ಷ ಇಟ್ಟುಕೊಂಡವರು ಅದೇ ವಹಿವಾಟನ್ನು ನಿಫ್ಟಿ ಇಟಿಎಫ್ ಮೂಲಕ, ತಮ್ಮ ಅಳತೆಗೆ ತಕ್ಕ ಸಂಖ್ಯೆಯಲ್ಲಿ ಮಾಡಬಹುದಿತ್ತು. ಆಪ್ಷನ್ ಕೊಂಡವರ ಗತಿ ಇನ್ನೂ ಕಷ್ಟ. ರೇಂಜಿನಲ್ಲಿ ಬೆಲೆ ನಿಂತಲ್ಲೇ ನಿಂತರೆ ಆಪ್ಷನ್ನಿನ ಕಾಲದ ಮೌಲ್ಯ ದಿನದಿನಕ್ಕೂ ಕರಗುತ್ತದೆ, ದಿಕ್ಕು ಸರಿಯಾಗಿ ಊಹಿಸಿದವರೂ ಸೋಲುತ್ತಾರೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿ ತನ್ನ ಅಧ್ಯಯನದಲ್ಲಿ ಹೇಳಿದೆ. ಈ ಲೇಖನದ ಲೆಕ್ಕಗಳನ್ನು ಓದಿ ನಾಳೆಯೇ ಆಪ್ಷನ್ ಕೊಳ್ಳಲು ಹೊರಡುವವರು ಆ ಅಂಕಿಯನ್ನು ಮೊದಲು ಓದಲಿ.

ಒಂದು ಮಿತಿಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಐವತ್ತು ಕಂಪನಿಗಳ ಸರಾಸರಿಯಾದ ಸೂಚ್ಯಂಕ ಮುರಿದ ಮೇಲೂ ಮರಳುವುದು ಸಾಮಾನ್ಯ. ಒಂಟಿ ಷೇರಿನಲ್ಲಿ ಹಾಗಲ್ಲ. ಕಂಪನಿಯ ಲೆಕ್ಕಪತ್ರದಲ್ಲಿ ದೋಷ ಹೊರಬಿದ್ದ ದಿನ ಷೇರು ತಳವನ್ನು ಮುರಿದರೆ, ಹುಸಿ ಮುರಿತವೆಂದು ಕಾಯುತ್ತ ಕೂರುವುದು ಹಣ ಸುಡುವ ದಾರಿ. ಅಲ್ಲಿ ಸುದ್ದಿಯೇ ಮುರಿತದ ಕಾರಣ, ಚಾರ್ಟಿನ ಆಕಾರ ಬರಿಯ ನೆಪ.

ನನ್ನ ನಿಲುವು ಇದು. ರೇಂಜಿನಲ್ಲಿ ಇರುವ ಪೇಟೆಯ ನಡುವೆ ಏನೂ ಮಾಡಬೇಡಿ. ಅಂಚಿಗೆ ಬಂದಾಗಲೂ ಮುಟ್ಟಿದ ಕ್ಷಣಕ್ಕೆ ಕೈಹಾಕಬೇಡಿ, ದಾಟಿದ ಕ್ಷಣಕ್ಕೂ ಓಡಬೇಡಿ. ದಾಟಿದ ಬೆಲೆ ಒಳಗೆ ಮರಳಿತೇ, ಮರಳಿದ ಮೇಲಿನ ಮೊದಲ ಇಳಿತ ಹಿಂದಿನ ತಳಕ್ಕಿಂತ ಮೇಲೆ ನಿಂತಿತೇ ಎಂದು ನೋಡಿ. ಹೊರಗೇ ಉಳಿದರೆ, ಹಳೆಯ ಗಡಿಗೆ ಬಂದು ಎದ್ದಿತೇ ಎಂದು ನೋಡಿ. ಹೀಗೆ ಕಾದರೆ ಮೊದಲ ಒಂದೆರಡು ಶೇಕಡಾ ಲಾಭ ಕೈತಪ್ಪುತ್ತದೆ. 2022ರ ಜೂನ್ ಮತ್ತು ಡಿಸೆಂಬರ್ ಎರಡರಲ್ಲೂ ಅಷ್ಟು ಬೆಲೆ ತೆತ್ತು ಕಾದವರು ತಪ್ಪು ದಿಕ್ಕಿನಲ್ಲಿ ಸಿಕ್ಕಿಕೊಳ್ಳಲಿಲ್ಲ.